ಗಂಗವ್ವನ ವಯಸ್ಸು: ಒಂದು ಸ್ಟೋರಿ ಬೈಬಲ್‌ನ ದುರಸ್ತಿ

ನಾವು ಐವರು ಲೇಖಕರು ಒಂದೇ ಕಲ್ಪಿತ ಲೋಕದಲ್ಲಿ ಕಥೆಗಳನ್ನು ಬರೆಯುತ್ತಿದ್ದೇವೆ. ಆ ಲೋಕದಲ್ಲಿ ಒಂದು ದೊಡ್ಡ ನದಿಯಿದೆ, ನದಿಗೆ ಅಡ್ಡಲಾಗಿ ಕಟ್ಟೆಯಿದೆ, ಕಟ್ಟೆ ಕಟ್ಟಿದ ದಿನದಿಂದ ಜನ ವರ್ಷ ಎಣಿಸುತ್ತಾರೆ, ಮತ್ತು 112ನೆಯ ವರ್ಷದ ಒಂದು ರಾತ್ರಿ ಆ ಕಟ್ಟೆ ಒಡೆಯುತ್ತದೆ. ಹತ್ತು ಕಥೆಗಳು ಅಚ್ಚಾಗಿವೆ, ಹನ್ನೊಂದನೆಯದು ಕರಡಿನಲ್ಲಿದೆ. ಎಲ್ಲರ ಕಥೆಗಳಲ್ಲೂ ಬಂದುಹೋಗುವ ಪಾತ್ರವೆಂದರೆ ದೋಣಿ ನಡೆಸುವ ಗಂಗವ್ವ. ಈ ಲೋಕದ ಸಂಗತಿಗಳನ್ನು ಬರೆದಿಡುವ ಸ್ಟೋರಿ ಬೈಬಲ್ ಅನ್ನು ನಾವು ನಮ್ಮೊಳಗೆ ‘ಕಡತ’ ಎಂದು ಕರೆಯುತ್ತೇವೆ. ಅದನ್ನು ನೋಡಿಕೊಳ್ಳುವ ಹೊಣೆ ನನ್ನದು. ಆದ್ದರಿಂದ ಇಲ್ಲಿ ಹೇಳಹೊರಟಿರುವ ತಪ್ಪಿನಲ್ಲಿ ದೊಡ್ಡ ಪಾಲೂ ನನ್ನದೇ.

ತಪ್ಪು ಹೊರಬಿದ್ದದ್ದು ಒಂದು ಸಾದಾ ಪ್ರಶ್ನೆಯಿಂದ. ಹನ್ನೊಂದನೆಯ ಕಥೆ ನಡೆಯುವುದು 126ನೆಯ ವರ್ಷದಲ್ಲಿ. ಅದರ ಲೇಖಕರು ಫೋನ್ ಮಾಡಿ, “ಆಗ ಗಂಗವ್ವನಿಗೆ ಮೂವತ್ತಾರು ಎಂದು ಬರೆಯಲೇ, ಮೂವತ್ತಮೂರು ಎಂದು ಬರೆಯಲೇ? ಕಡತ ನೋಡಿದರೆ ಒಂದು ಲೆಕ್ಕ ಬರುತ್ತದೆ, ಎರಡನೆಯ ಕಥೆ ಓದಿದರೆ ಇನ್ನೊಂದು ಬರುತ್ತದೆ,” ಎಂದರು. ಮೂರು ವರ್ಷದ ವ್ಯತ್ಯಾಸ ತಾನೇ, ಸರಿಪಡಿಸಿದರಾಯಿತು ಎಂದುಕೊಂಡು ನಾನು ಮೂಲ ಕಥೆಗಳನ್ನು ತೆರೆದೆ. ಅರ್ಧ ಗಂಟೆಯೊಳಗೆ ವಿಷಯ ವಯಸ್ಸಿನದಷ್ಟೇ ಅಲ್ಲ, ಮಗನದೂ ಹೌದು ಎಂದು ತಿಳಿಯಿತು.

ಎರಡನೆಯ ಕಥೆಯಲ್ಲಿ, ಕಟ್ಟೆ ಒಡೆದ ರಾತ್ರಿ ಗಂಗವ್ವನಿಗೆ ಹತ್ತೊಂಬತ್ತು ವರ್ಷ ಎಂದು ಸ್ಪಷ್ಟವಾಗಿದೆ. ಅವಳಿಗಿನ್ನೂ ಮದುವೆಯಾಗಿಲ್ಲ, ಮನೆಯಲ್ಲಿ ಮಾತುಕತೆ ನಡೆಯುತ್ತಿದೆ. ಹಾಗಾದರೆ ಅವಳು ಹುಟ್ಟಿದ್ದು 92 ಅಥವಾ 93ರಲ್ಲಿ. ಐದನೆಯ ಕಥೆ ನಡೆಯುವುದು 120ರಲ್ಲಿ; ಸುಂಕದ ಅಧಿಕಾರಿಯೊಬ್ಬ ದೋಣಿ ಹತ್ತುವ ದೃಶ್ಯದಲ್ಲಿ ಗಂಗವ್ವ ‘ಮೂವತ್ತು ದಾಟಿದ ಹೆಂಗಸು’ ಎಂದಿದೆ. ಲೆಕ್ಕದ ಪ್ರಕಾರ ಆಗ ಅವಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿರಬೇಕಿತ್ತು. ಎಂಟನೆಯ ಕಥೆ 124ರದು. ಅಲ್ಲಿ ಅವಳ ಮಗ ಮಾದು ಬರುತ್ತಾನೆ, ಅವನಿಗೆ ಹದಿನಾಲ್ಕು ವರ್ಷ, ತುಂಬಿದ ಹೊಳೆಯಲ್ಲಿ ಒಬ್ಬನೇ ಹುಟ್ಟು ಹಾಕಿ ಆಚೆ ದಡ ಸೇರುತ್ತಾನೆ. ಹದಿನಾಲ್ಕನ್ನು ಕಳೆದರೆ ಮಾದು ಹುಟ್ಟಿದ್ದು 109 ಅಥವಾ 110ರಲ್ಲಿ, ಅಂದರೆ ಕಟ್ಟೆ ಒಡೆಯುವ ಮೊದಲೇ. ಮದುವೆಯ ಮಾತುಕತೆ ನಡೆಯುತ್ತಿದ್ದ ಆ ಮನೆಯಲ್ಲಿ ಎರಡು ವರ್ಷದ ಮಗುವೊಂದು ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿರಬೇಕಾಗುತ್ತದೆ.

ಎಂಟನೆಯ ಕಥೆಯ ಲೇಖಕಿ ಅಜಾಗರೂಕರಲ್ಲ. ನಮ್ಮೆಲ್ಲರಲ್ಲಿ ಕಡತವನ್ನು ನಿಜವಾಗಿ ತೆರೆದು ನೋಡಿ ಬರೆಯುವವರೆಂದರೆ ಅವರೇ. ಅವರು ನೋಡಿದಾಗ ಕಡತದಲ್ಲಿದ್ದದ್ದು ಇಷ್ಟು: ‘ಗಂಗವ್ವ — ವಯಸ್ಸು 30+ (120)’. ನಾಲ್ಕು ವರ್ಷ ಕೂಡಿಸಿದರೆ ಮೂವತ್ತನಾಲ್ಕು, ಅದರಲ್ಲಿ ಹದಿನಾಲ್ಕು ಕಳೆದರೆ ಮಗ ಹುಟ್ಟಿದಾಗ ತಾಯಿಗೆ ಇಪ್ಪತ್ತು. ಲೆಕ್ಕದಲ್ಲಿ ಏನೂ ಕುಂದಿಲ್ಲ. ಆ ಸಾಲನ್ನು ಬರೆದವನು ನಾನು. ಐದನೆಯ ಕಥೆ ಬಂದಾಗ ಎರಡನೆಯ ಕಥೆಯ ಹತ್ತೊಂಬತ್ತನ್ನು ಅಳಿಸಿ, ಹೊಸ ಮಾಹಿತಿ ಬಂತೆಂದು ಅದರ ಮೇಲೆ ಮೂವತ್ತನ್ನು ಬರೆದಿದ್ದೆ. ಎರಡು ಕಥೆಗಳ ನಡುವಿನ ವಿರೋಧವನ್ನು ಕಡತವೇ ನುಂಗಿ, ಮೂರನೆಯವರಿಗೆ ಅದು ಕಾಣದಂತೆ ಮಾಡಿತ್ತು. ಬೈಬಲ್ ಇಲ್ಲದೆ ಇದ್ದಿದ್ದರೆ ಅವರು ಎರಡನೆಯ ಕಥೆಯನ್ನೇ ತೆಗೆದು ಓದುತ್ತಿದ್ದರೇನೋ ಎಂಬ ಯೋಚನೆ ಆ ವಾರವಿಡೀ ನನ್ನನ್ನು ಬಿಡಲಿಲ್ಲ.

ಹಾಗಾಗಿ ಕಥೆಗೆ ಕೈಹಾಕುವ ಮೊದಲು ಕಡತದ ಸಾಲಿನ ರೂಪವನ್ನೇ ಬದಲಿಸಿದೆ. ವಯಸ್ಸು ಎಂಬುದು ದಿನದಿನಕ್ಕೆ ಹಳಸುವ ಸಂಗತಿಯಾದ್ದರಿಂದ ಅದನ್ನು ಬರೆಯುವುದನ್ನೇ ನಿಲ್ಲಿಸಿ ಹುಟ್ಟಿದ ವರ್ಷವನ್ನು ಮಾತ್ರ ಬರೆಯುವುದೆಂದಾಯಿತು. ವಯಸ್ಸು ಬೇಕಾದವರು ಕಳೆದು ಲೆಕ್ಕ ಹಾಕಿಕೊಳ್ಳಲಿ. ಪ್ರತಿ ಸಾಲಿಗೂ ಅದು ಯಾವ ಕಥೆಯ ಯಾವ ದೃಶ್ಯದಿಂದ ಬಂತು ಎಂಬ ಗುರುತು ಇರಲೇಬೇಕು. ಮೊದಲು ಪುಟಸಂಖ್ಯೆ ಹಾಕುತ್ತಿದ್ದೆ, ಆದರೆ ಕರಡಿನ ಪುಟವೂ ಅಚ್ಚಿನ ಪುಟವೂ ಹೊಂದುವುದಿಲ್ಲ, ಒಂದು ಪ್ಯಾರಾ ಸೇರಿಸಿದರೆ ಹಿಂದಿನ ಗುರುತುಗಳೆಲ್ಲ ಕೆಡುತ್ತವೆ. ದೃಶ್ಯದ ಸಂಖ್ಯೆ ಹಾಗೆ ಸುಲಭವಾಗಿ ಕೆಡುವುದಿಲ್ಲ. ಕೊನೆಯದಾಗಿ, ಆ ಮಾತು ಯಾರದು ಎಂಬುದನ್ನೂ ಬರೆಯಬೇಕು. ನಿರೂಪಕ ಹೇಳಿದ್ದೇ, ಪಾತ್ರವೊಂದು ಹೇಳಿದ್ದೇ, ಅಥವಾ ನಮ್ಮಲ್ಲೊಬ್ಬರು ಮುಂದೆಂದೋ ಬರೆಯಬೇಕೆಂದಿರುವ ಯೋಜನೆಯೇ? ಗಂಗವ್ವನ ಸಾಲುಗಳು ಈಗ ಹೀಗಿವೆ:

```
ಗಂಗವ್ವ
ಹುಟ್ಟು 92/93            | ಕ2-ದೃ4  | ನಿರೂಪಣೆ
112ರಲ್ಲಿ ಮದುವೆಯಾಗಿಲ್ಲ    | ಕ2-ದೃ4  | ನಿರೂಪಣೆ
120: "ಮೂವತ್ತು ದಾಟಿದ"     | ಕ5-ದೃ2  | ಪಾತ್ರ: ಸುಂಕದವನು
130: ದೋಣಿ ಬಿಡುತ್ತಾಳೆ      | —       | ಯೋಜನೆ
```

ಒಂದು ಸಾಲು ಇನ್ನೊಂದಕ್ಕೆ ವಿರುದ್ಧವಾಗಿದ್ದರೆ ಎರಡೂ ಉಳಿಯುತ್ತವೆ, ಯಾವುದನ್ನೂ ಅಳಿಸುವುದಿಲ್ಲ. ವಿರೋಧವಿದೆ ಎಂಬುದೇ ಮುಂದೆ ಬರೆಯುವವರಿಗೆ ತಿಳಿಯಬೇಕಾದ ಮುಖ್ಯ ಸಂಗತಿ.

ಮೂರನೆಯ ಸಾಲಿನಲ್ಲಿ ‘ಪಾತ್ರ: ಸುಂಕದವನು’ ಎಂದು ಬರೆಯುವ ಮೊದಲು ಸ್ವಲ್ಪ ಚರ್ಚೆಯಾಯಿತು, ಏಕೆಂದರೆ ಐದನೆಯ ಕಥೆಯಲ್ಲಿ ಆ ಮಾತು ಯಾರ ಬಾಯಿಂದಲೂ ಬರುವುದಿಲ್ಲ, ಉದ್ಧರಣ ಚಿಹ್ನೆಯೂ ಇಲ್ಲ, ನೋಡಲು ನಿರೂಪಕನ ಮಾತಿನಂತೆಯೇ ಇದೆ. ಇಂಥ ಕಡೆ ನಾವು ಮಾಡುವ ಪರೀಕ್ಷೆ ಸರಳವಾದದ್ದು. ದೃಶ್ಯದಲ್ಲಿರುವ ‘ಅವನು’ ಎಂಬುದನ್ನೆಲ್ಲ ‘ನಾನು’ ಎಂದು ಬದಲಿಸಿ, ಕ್ರಿಯಾಪದಗಳನ್ನೂ ಅದಕ್ಕೆ ಹೊಂದಿಸಿ ಓದುತ್ತೇವೆ. ‘ಅವನು ದೋಣಿಯ ಅಂಚು ಹಿಡಿದು ಹತ್ತಿದ. ಹುಟ್ಟು ಹಿಡಿದಿದ್ದವಳು ಮೂವತ್ತು ದಾಟಿದ ಹೆಂಗಸು’ ಎಂಬುದು ‘ನಾನು ದೋಣಿಯ ಅಂಚು ಹಿಡಿದು ಹತ್ತಿದೆ. ಹುಟ್ಟು ಹಿಡಿದಿದ್ದವಳು ಮೂವತ್ತು ದಾಟಿದ ಹೆಂಗಸು’ ಎಂದಾದಾಗ ಎಲ್ಲಿಯೂ ತೊಡಕಾಗಲಿಲ್ಲ. ಹಾಗಾದರೆ ಇದು ಸುಂಕದವನ ಕಣ್ಣಿಗೆ ಕಂಡದ್ದು. ಬಿಸಿಲಿನಲ್ಲಿ ದೋಣಿ ನಡೆಸುವ ಇಪ್ಪತ್ತೇಳರ ಹೆಣ್ಣು ಅವನಿಗೆ ಮೂವತ್ತು ದಾಟಿದವಳಂತೆ ಕಂಡರೆ ಅದು ಅವನ ಅಂದಾಜು. ಕಥೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ವಿರೋಧದ ಅರ್ಧ ಭಾಗ ಅಲ್ಲಿಗೆ ಮುಗಿಯಿತು. ಈ ಪರೀಕ್ಷೆಗೆ ಮಿತಿಯೂ ಇದೆ: ಒಂದೇ ದೃಶ್ಯದಲ್ಲಿ ಇಬ್ಬರು ಮೂವರ ಮನಸ್ಸಿನೊಳಕ್ಕೆ ಹೊಕ್ಕು ಬರುವ ಬರವಣಿಗೆಯಲ್ಲಿ ಯಾವ ‘ಅವನು’ವನ್ನು ಬದಲಿಸುವುದೆಂದೇ ತಿಳಿಯುವುದಿಲ್ಲ. ನಮ್ಮಲ್ಲೊಬ್ಬರು ಹಾಗೆ ಬರೆಯುವವರಿದ್ದಾರೆ, ಅವರ ಸಾಲುಗಳ ಮುಂದೆ ನಾನು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿರುತ್ತೇನೆ.

ಉಳಿದದ್ದು ಮಾದುವಿನ ಹುಟ್ಟು. ಮೊದಲು ಹೊಳೆದ ದಾರಿ ಅವನ ವಯಸ್ಸನ್ನು ಇಳಿಸುವುದು. ಹನ್ನೊಂದು ಎಂದರೆ ಅವನು 113ರಲ್ಲಿ ಹುಟ್ಟಿದಂತಾಗುತ್ತದೆ, ಗಂಗವ್ವನ ಮದುವೆಗೂ ಸಮಯ ಸಿಗುತ್ತದೆ. ಆದರೆ ಎಂಟನೆಯ ಕಥೆ ನಿಂತಿರುವುದೇ ತುಂಬಿದ ಹೊಳೆಯನ್ನು ಆ ಹುಡುಗ ಒಬ್ಬನೇ ದಾಟುವುದರ ಮೇಲೆ. “ಹನ್ನೊಂದು ವರ್ಷದವನ ತೋಳಿನಿಂದ ಅದು ಆಗುವ ಕೆಲಸವಲ್ಲ, ನೀವೇ ಓದಿ ಹೇಳಿ,” ಎಂದರು ಲೇಖಕಿ. ಓದಿದೆ, ಅವರು ಹೇಳಿದ್ದು ಸರಿಯಾಗಿತ್ತು.

ಎರಡನೆಯ ದಾರಿಯೆಂದರೆ ಎರಡನೆಯ ಕಥೆಯಲ್ಲಿ ಗಂಗವ್ವನಿಗೆ ಮದುವೆಯಾಗಿತ್ತು, ಮಗುವೂ ಇತ್ತು ಎಂದು ತಿದ್ದುವುದು. ಯಾವ ಕಥೆ ಬಾಗಬೇಕು ಎಂಬ ಪ್ರಶ್ನೆ ಬಂದಾಗ ಹಿಂದೆ ನಾವು ಹೊಸ ಕಥೆಯೇ ಬಾಗಲಿ ಎನ್ನುತ್ತಿದ್ದೆವು. ಅದು ಸುಲಭವಾದ ನಿಯಮ, ಆದರೆ ಒಳ್ಳೆಯ ನಿಯಮವಲ್ಲ, ಏಕೆಂದರೆ ಹಳೆಯ ಕಥೆಯ ಒಂದು ನಿರುಪಯೋಗಿ ವಿವರಕ್ಕಾಗಿ ಹೊಸ ಕಥೆಯ ಬೆನ್ನೆಲುಬನ್ನೇ ಮುರಿಯಬೇಕಾಗಿ ಬರುತ್ತದೆ. ಈಗ ನೋಡುವುದು ಯಾವ ಸಂಗತಿಯ ಮೇಲೆ ಎಷ್ಟು ದೃಶ್ಯಗಳು ಕೂತಿವೆ ಎಂಬುದನ್ನು. ಗಂಗವ್ವ ಆ ರಾತ್ರಿ ಅವಿವಾಹಿತೆ ಎಂಬುದರ ಮೇಲೆ ಎರಡು, ನಾಲ್ಕು ಮತ್ತು ಏಳನೆಯ ಕಥೆಗಳು ಕೂತಿದ್ದವು. ಏಳನೆಯದರಲ್ಲಂತೂ ಮುರಿದುಹೋದ ಆ ಸಂಬಂಧದ ಗಂಡಿನ ಕಡೆಯವರೇ ಬರುತ್ತಾರೆ. ಮಾದು ಅವಳ ಮಗ ಎಂಬುದರ ಮೇಲೆ ಎಂಟನೆಯ ಕಥೆ ಮಾತ್ರ ಕೂತಿತ್ತು. ಹೀಗಾಗಿ ಬಾಗಬೇಕಾದದ್ದು ಎಂಟನೆಯದೇ, ಆದರೆ ಹುಡುಗನ ವಯಸ್ಸಿನಲ್ಲಲ್ಲ.

ಹಾಗಿದ್ದರೆ ಅವನು ಹೆತ್ತ ಮಗನಲ್ಲ, ಸಾಕಿದ ಮಗ. ಕಟ್ಟೆ ಒಡೆದ ರಾತ್ರಿ ಅವನಿಗೆ ಎರಡು ವರ್ಷದ ಆಸುಪಾಸು. ನೀರಿನಿಂದ ಜನರನ್ನು ಎತ್ತಿ ದೋಣಿಗೆ ಹಾಕಿಕೊಂಡ ಗಂಗವ್ವನ ಕೈಗೆ ಆ ಮಗು ಸಿಕ್ಕಿರಬಹುದು. ಎರಡನೆಯ ಕಥೆಯಲ್ಲಿ ಅವಳು ಎಷ್ಟು ಜನರನ್ನು ಉಳಿಸಿದಳು ಎಂಬ ಲೆಕ್ಕ ಎಲ್ಲಿಯೂ ಇಲ್ಲ, ಆ ಜಾಗ ನಮಗಾಗಿಯೇ ಬಿಟ್ಟಂತಿತ್ತು. ಎಲ್ಲರೂ ಒಪ್ಪಿದರು, ಎಂಟನೆಯ ಕಥೆಯ ಲೇಖಕಿ ಮಾತ್ರ ಒಂದು ದಿನದ ಸಮಯ ಕೇಳಿಕೊಂಡರು. ಮರುದಿನ ಅವರೇ ಎರಡು ಸಾಲುಗಳನ್ನು ಗುರುತು ಹಾಕಿ ಕಳಿಸಿದರು. ಒಂದರಲ್ಲಿ ದೋಣಿಯಲ್ಲಿ ಕೂತ ಮುದುಕನೊಬ್ಬ ಮಾದುವನ್ನು ನೋಡಿ, “ತಾಯಿಯದೇ ಮೂಗು ಕಣಪ್ಪ ನಿಂದು,” ಎನ್ನುತ್ತಾನೆ. ಅದು ಪಾತ್ರದ ಮಾತು. ಮುದುಕರು ಹಾಗೆ ಹೇಳುತ್ತಾರೆ, ಇರಲಿ. ಎರಡನೆಯದು ಹುಡುಗ ಹೊಳೆಯ ನಡುವೆ ಕಾಣದಾದಾಗ ಬರುವ ಸಾಲು: ‘ದಡದಲ್ಲಿ ನಿಂತಿದ್ದ ಗಂಗವ್ವನ ಹೆತ್ತ ಕರುಳು ಕಿವುಚಿದಂತಾಯಿತು.’ ಪರೀಕ್ಷೆ ಮಾಡಿದರೆ ಈ ದೃಶ್ಯ ಗಂಗವ್ವನ ಕಣ್ಣಿನದು. ಬೇರೆ ಯಾರಾದರೂ ತಪ್ಪು ತಿಳಿಯಬಹುದು, ಅವಳು ತಪ್ಪು ತಿಳಿಯುವಂತಿಲ್ಲ. ಈ ಸಾಲು ಇರುವವರೆಗೆ ನಮ್ಮ ಪರಿಹಾರ ನಿಲ್ಲುವುದಿಲ್ಲ.

ಮೂರು ನಾಲ್ಕು ಬಗೆಯಲ್ಲಿ ಆ ವಾಕ್ಯವನ್ನು ತಿರುಗಿಸಿ ಬರೆದು ನೋಡಿದ ಮೇಲೆ, ಲೇಖಕಿಯೇ ‘ಹೆತ್ತ’ ಎಂಬ ಒಂದು ಪದವನ್ನು ತೆಗೆದುಹಾಕಿದರು. ‘ಗಂಗವ್ವನ ಕರುಳು ಕಿವುಚಿದಂತಾಯಿತು’ ಎಂಬುದರಲ್ಲಿ ಏನೂ ಕಡಿಮೆಯಾಗಲಿಲ್ಲ. ಮುಂದಿನ ಮುದ್ರಣಕ್ಕೆ ಆ ತಿದ್ದುಪಡಿ ಹೋಗುತ್ತದೆ. ಮೊದಲ ಮುದ್ರಣ ಓದಿದವರ ಕೈಯಲ್ಲಿ ಆ ಪದ ಉಳಿದೇ ಇರುವುದರಿಂದ, ‘ಮೊದಲ ಮುದ್ರಣದಲ್ಲಿ ಹೆತ್ತ ಎಂದಿದೆ, ಅದನ್ನು ಆಧರಿಸಬೇಡಿ’ ಎಂಬ ಸಾಲನ್ನು ಕಡತದಲ್ಲಿ ಸೇರಿಸಿದೆ. ಇಲ್ಲವಾದರೆ ಹಳೆಯ ಪ್ರತಿ ಇಟ್ಟುಕೊಂಡಿರುವ ನಮ್ಮವರೇ ನಾಳೆ ಅದನ್ನು ಎತ್ತಿ ಹೇಳುತ್ತಾರೆ.

ಇಂಥ ಸಾಲುಗಳು ಬೇರೆ ಕಥೆಗಳಲ್ಲೂ ಅಡಗಿವೆಯೇ ಎಂದು ಹುಡುಕುವ ಕೆಲಸ ಬಾಕಿಯಿತ್ತು. ಕಥೆಗಳೆಲ್ಲ ಸಾದಾ ಪಠ್ಯದ ಫೈಲ್‌ಗಳಾಗಿ ಒಂದೇ ಫೋಲ್ಡರ್‌ನಲ್ಲಿರುವುದರಿಂದ ಹುಡುಕುವುದು ಒಂದು ಸಾಲಿನ ಆದೇಶ. ಆದರೆ ಕನ್ನಡದಲ್ಲಿ ಈ ಹುಡುಕಾಟ ಎರಡು ಕಡೆ ಕೈಕೊಡುತ್ತದೆ, ಎರಡೂ ನನಗೆ ಅನುಭವವಾಗಿಯೇ ತಿಳಿದದ್ದು. ಮೊದಲನೆಯದು ವಿಭಕ್ತಿ. ಗಂಗವ್ವ ಬೆಳೆದ ‘ಹೊಳೆಯೂರು’ ಎಂಬ ಹೆಸರನ್ನು ಹಾಗೆಯೇ ಹುಡುಕಿದಾಗ ಸಿಕ್ಕ ಸಾಲುಗಳು ಬೆರಳೆಣಿಕೆಯಷ್ಟು. ಹೊಳೆಯೂರಿಗೆ, ಹೊಳೆಯೂರಿನ, ಹೊಳೆಯೂರಲ್ಲಿ ಎಂದು ಬಂದ ಕಡೆಗಳಲ್ಲೆಲ್ಲ ಕೊನೆಯ ಉಕಾರ ಬಿದ್ದುಹೋಗಿರುವುದರಿಂದ ಅವು ಸಿಗಲೇ ಇಲ್ಲ. ಹುಡುಕಬೇಕಾದದ್ದು ಪದವನ್ನಲ್ಲ, ಅದರ ಬುಡವನ್ನು:

```
grep -rn "ಹೊಳೆಯೂರ" kathegalu/
```

ಎರಡನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಯುನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಹೊ’ ಎಂದೇ ಕಾಣುತ್ತವೆ. ನಮ್ಮಲ್ಲೊಬ್ಬರ ಕರಡುಗಳು ಎರಡನೆಯ ಬಗೆಯವು. ಬುಡವನ್ನು ಕೊಟ್ಟು ಹುಡುಕಿದರೂ ಅವರ ಒಂದು ಕಥೆಯಿಂದಲೂ ಹೊಳೆಯೂರು ಸಿಗದಿದ್ದಾಗ, ಆ ಊರಿನಲ್ಲೇ ನಡೆಯುವ ಕಥೆಯಲ್ಲಿ ಊರಿನ ಹೆಸರು ಇಲ್ಲದಿರುವುದು ಹೇಗೆ ಎಂದು ಅನುಮಾನ ಬಂತು. ಈಗ ಯಾರದೇ ಕರಡು ಬಂದರೂ ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಫೋಲ್ಡರ್‌ಗೆ ಹಾಕುತ್ತೇನೆ:

```
uconv -f utf-8 -t utf-8 -x any-nfc karadu.txt > kathegalu/11.txt
```

ಹೀಗೆ ಶುದ್ಧ ಮಾಡಿಕೊಂಡು ಮಾದು, ಮಗ, ಅವ್ವ ಎಂಬ ಪದಗಳನ್ನು ಹಿಡಿದು ಹುಡುಕಿದಾಗ ಹತ್ತನೆಯ ಕಥೆಯಲ್ಲಿ ಅವನನ್ನು ‘ಮಾದ’ ಎಂದು ಕರೆದಿರುವುದು ಸಿಕ್ಕಿತು. ಕರೆಯುವವಳು ಅಕ್ಕರೆಯ ಅಜ್ಜಿಯಾದ್ದರಿಂದ ಅದನ್ನು ಬಿಟ್ಟೆವು. ಹುಡುಕಾಟದಲ್ಲಿ ಸಿಕ್ಕ ಇನ್ನೊಂದು ಸಂಗತಿಯನ್ನು ಮಾತ್ರ ಬಿಡುವಂತಿರಲಿಲ್ಲ: ಎರಡನೆಯ ಕಥೆಯಲ್ಲಿ ಗಂಗವ್ವ ಘಟ್ಟದ ಲೆಕ್ಕಿಗನನ್ನು ‘ನೀವು’ ಎನ್ನುತ್ತಾಳೆ, ಆರನೆಯದರಲ್ಲಿ ‘ನೀನು’ ಎನ್ನುತ್ತಾಳೆ, ಒಂಬತ್ತನೆಯದರಲ್ಲಿ ಮತ್ತೆ ‘ನೀವು’. ವಯಸ್ಸಿನ ತಪ್ಪು ಲೆಕ್ಕ ಹಾಕುವವರಿಗೆ ಮಾತ್ರ ಕಾಣುತ್ತದೆ, ಇದಾದರೋ ಓದುವ ಪ್ರತಿಯೊಬ್ಬರ ಕಿವಿಗೂ ಬೀಳುತ್ತದೆ. ಇಬ್ಬರ ನಡುವೆ ಏನೋ ನಡೆದಿರಬೇಕು ಎಂದು ಓದುಗರು ಕಾಯುತ್ತಾರೆ, ನಾವು ಏನನ್ನೂ ಕೊಡುವುದಿಲ್ಲ. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರನ್ನು ಅಣ್ಣ ಅಥವಾ ಅಕ್ಕ ಎನ್ನುತ್ತಾರೆ, ಯಾವ ಕಥೆಯಿಂದ ಅದು ಬದಲಾಯಿತು ಎಂಬ ಒಂದು ಪಟ್ಟಿ ಆ ದಿನದಿಂದ ಕಡತದಲ್ಲಿದೆ. ನನ್ನ ಅನುಭವದಲ್ಲಿ ಲೇಖಕರು ಅತಿ ಹೆಚ್ಚು ಸಲ ತೆರೆಯುವ ಪುಟ ಅದೇ. ಲೆಕ್ಕಿಗನ ವಿಷಯದಲ್ಲಿ ಆರನೆಯ ಕಥೆಯ ‘ನೀನು’ ಒಂದು ಜಗಳದ ನಡುವೆ ಬಂದದ್ದರಿಂದ ಅದನ್ನು ಜಗಳದ ಸಾಲುಗಳಿಗೆ ಮಾತ್ರ ಸೀಮಿತಗೊಳಿಸಿ, ಅದೇ ಕಥೆಯ ಉಳಿದ ಎರಡು ಕಡೆ ಬಹುವಚನಕ್ಕೆ ತಿದ್ದಿದೆವು.

ಉತ್ಸಾಹದಲ್ಲಿ ಇನ್ನೊಂದು ತಪ್ಪನ್ನೂ ಮಾಡಿದೆ. ಇನ್ನು ಮುಂದೆ ಯಾವುದೂ ತಪ್ಪಿಹೋಗಬಾರದೆಂದು ಎರಡನೆಯ ಕಥೆಯಲ್ಲಿರುವ ಪ್ರತಿ ಸಂಗತಿಯನ್ನೂ ಕಡತಕ್ಕೆ ಇಳಿಸತೊಡಗಿದೆ: ದೋಣಿಯ ಹಲಗೆಗಳ ಬಣ್ಣ, ಮನೆಯ ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತದೆ ಎಂಬುದು, ಹೀಗೆ. ಕಡತ ಕಥೆಗಿಂತ ಉದ್ದವಾಯಿತು, ಒಬ್ಬರೂ ಓದಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಮತ್ತೊಬ್ಬ ಲೇಖಕರು ಬೇರೊಂದು ಕಥೆ ಬರೆಯುವಾಗ ಎಡವಬಹುದಾದದ್ದನ್ನು ಮಾತ್ರ ಉಳಿಸಿಕೊಂಡೆ. ಹುಟ್ಟು, ಸಾವು, ಸಂಬಂಧ, ಮೈಮೇಲಿನ ಗುರುತು, ಒಂದೂರಿನಿಂದ ಇನ್ನೊಂದಕ್ಕೆ ಹೋಗಲು ಬೇಕಾಗುವ ಹೊತ್ತು, ಕೈಬದಲಾಗುವ ವಸ್ತು ಈಗ ಯಾರ ಬಳಿ ಇದೆ ಎಂಬುದು, ಇಷ್ಟು ಸಾಕು. ಬಾಗಿಲಿನ ದಿಕ್ಕು ಎಂದಾದರೂ ಬೇಕಾದರೆ ಹುಡುಕಿ ನೋಡಬಹುದು.

ಸಾಕುಮಗನೆಂಬ ನಿರ್ಧಾರ ಕಡತದಲ್ಲಿ ಹಿಂದೆ ಇರದ ಒಂದು ಅಂಕಣವನ್ನು ಹುಟ್ಟಿಸಿತು. ಮಾದುವಿಗೆ ಇದು ಗೊತ್ತೇ? ಎಂಟನೆಯ ಕಥೆಯಲ್ಲಿ ಅವನು ನಡೆದುಕೊಳ್ಳುವ ರೀತಿ ನೋಡಿದರೆ ಗೊತ್ತಿಲ್ಲ. ಹೊಳೆಯೂರಿನ ಹಿರಿಯರಿಗೆ ಗೊತ್ತಿರಲೇಬೇಕು, ಏಕೆಂದರೆ ಗಂಗವ್ವನ ಮೈ ತುಂಬಿದ್ದನ್ನು ಯಾರೂ ನೋಡಿಲ್ಲ. ಲೆಕ್ಕಿಗ ಆ ಊರಿಗೆ ಬಂದದ್ದು ಕಟ್ಟೆ ಒಡೆಯುವ ಮೊದಲೇ, ಅವನಿಗೂ ಗೊತ್ತು. ಸುಂಕದವನಿಗೂ ದೋಣಿಯ ಮುದುಕನಿಗೂ ಗೊತ್ತಿಲ್ಲ. ಗುಟ್ಟೊಂದು ಸೇರಿದಾಗ ಅದು ಯಾರಿಗೆ ಯಾವ ವರ್ಷದಿಂದ ಗೊತ್ತು ಎಂದು ಬರೆದಿಡದಿದ್ದರೆ, ಸಂಗತಿಗಳೆಲ್ಲ ಸರಿಯಾಗಿದ್ದೂ ಕಥೆ ತಪ್ಪುತ್ತದೆ: ಗೊತ್ತಿಲ್ಲದವನು ಗೊತ್ತಿರುವವನಂತೆ ಮಾತಾಡಿಬಿಡುತ್ತಾನೆ.

ಹನ್ನೊಂದನೆಯ ಕಥೆಯ ಕರಡಿನಲ್ಲಿ ಆಗಿದ್ದದ್ದು ಇದಕ್ಕೆ ತಿರುವುಮುರುವಾದದ್ದು. ಅಲ್ಲಿ ಲೆಕ್ಕಿಗನೇ ಮಾದುವಿನ ಬಳಿ, “ನಿಮ್ಮಪ್ಪನೂ ಹೀಗೆಯೇ ಹುಟ್ಟು ಹಾಕುತ್ತಿದ್ದ,” ಎನ್ನುತ್ತಿದ್ದ. ಅಪ್ಪ ಯಾರೆಂದು ಯಾರಿಗೂ ತಿಳಿಯದ ಹುಡುಗನ ಬಗ್ಗೆ, ಅದು ಗೊತ್ತಿರುವ ಮನುಷ್ಯನೇ ಆಡಿದ ಮಾತು. ಹೊಸ ಅಂಕಣ ತೋರಿಸಿ, “ಈ ಸಾಲು ಹೋಗಬೇಕಾಗುತ್ತದೆ,” ಎಂದೆ. ಲೇಖಕರು ಎರಡು ದಿನ ಬಿಟ್ಟು ಕರಡನ್ನು ಮರಳಿಸಿದರು, ಸಾಲು ಹಾಗೆಯೇ ಇತ್ತು. ಅದರ ಮುಂದೆ ಒಂದೇ ಒಂದು ವಾಕ್ಯ ಸೇರಿಸಿದ್ದರು: ಹುಡುಗ ತಲೆಯೆತ್ತಿ ನೋಡುವಷ್ಟರಲ್ಲಿ ಲೆಕ್ಕಿಗ ಪುಸ್ತಕದ ಮೇಲೆ ಬಗ್ಗಿ ಬರೆಯತೊಡಗಿದ್ದ, ಲೇಖನಿಯಲ್ಲಿ ಮಸಿಯಿರಲಿಲ್ಲ. ಕಡತದಲ್ಲಿ ಆ ಸಾಲಿನ ಎದುರು ‘ಪಾತ್ರ: ಲೆಕ್ಕಿಗ, ಸುಳ್ಳು, 126’ ಎಂದು ಬರೆದು, ಅಂಕಣದಲ್ಲಿ ಮಾದುವಿನ ಹೆಸರಿನ ಮುಂದೆ ‘126ರಿಂದ ಅನುಮಾನ’ ಎಂದು ಸೇರಿಸಿ, ಕರಡನ್ನು ಅಚ್ಚಿಗೆ ಕಳಿಸಿದೆ.